ತೊಂಬತ್ತೊಂಬತ್ತನೇ ಸೀರೆಗೂ ನೂರನೇ ಸೀರೆಗೂ ನಡುವಿನ ಆರು ಸಾವಿರ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಶೆಡ್‌ನಲ್ಲಿ ಕೆಲಸ ಮಾಡುವವರನ್ನು "ತಿಂಗಳಿಗೆ ಸಂಬಳ ಎಷ್ಟು" ಅಂತ ಕೇಳಿದರೆ ನೇರ ಉತ್ತರ ಸಿಗೋದಿಲ್ಲ. "ಸೀರೆಗೆ ಇಷ್ಟು" ಅಂತಾರೆ. ನೇಯ್ದಷ್ಟು ಮಜೂರಿ. ಹತ್ತನೇ ಸೀರೆಗೂ ನೂರನೇ ಸೀರೆಗೂ ಒಂದೇ ದರ. ಇದು ಏಕದರದ ತುಂಡುಗೂಲಿ.

ಇದಕ್ಕಿಂತ ಬೇರೆ ಲೆಕ್ಕವೊಂದಿದೆ. ಬಿ.ಕಾಂ ಓದಿದವರು ಕಾಸ್ಟ್ ಅಕೌಂಟಿಂಗ್ ಪೇಪರಿನಲ್ಲಿ ಇದನ್ನು ಮಾಡಿಯೇ ಇರುತ್ತೀರಿ: ಟೇಲರ್‌ನ ಡಿಫರೆನ್ಷಿಯಲ್ ಪೀಸ್ ರೇಟ್. ನಾನದನ್ನು ಭೇದದರ ಅಂತ ಕರೀತೀನಿ. ಒಂದು ಗುರಿ ಇರುತ್ತದೆ. ಮುಟ್ಟಿದವರಿಗೆ ಪ್ರತಿ ತುಂಡಿಗೂ ಹೆಚ್ಚಿನ ದರ, ಮುಟ್ಟದವರಿಗೆ ಪ್ರತಿ ತುಂಡಿಗೂ ಕಡಿಮೆ ದರ. "ಚೆನ್ನಾಗಿ ದುಡಿಯೋರಿಗೆ ಜಾಸ್ತಿ ಕೊಟ್ಟರೆ ತಪ್ಪೇನು" ಅನ್ನೋ ವಾದ ಬಂದಾಗಲೆಲ್ಲ ಇದರ ನೆರಳು ಅಲ್ಲಿರುತ್ತದೆ. ಹಾಗಾಗಿ ಇದನ್ನು ನಮ್ಮೂರಿನ ಮಗ್ಗದ ಮೇಲೇ ಇಟ್ಟು ನೋಡೋಣ.

ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡವು. ಒಬ್ಬರು ಎರಡು ಮಗ್ಗ ನೋಡಿಕೊಳ್ಳುತ್ತಾರೆ. ತಿಂಗಳ ಗುರಿ 100 ಸೀರೆ. ಏಕದರ ಸೀರೆಗೆ 150 ರೂಪಾಯಿ. ಭೇದದರದಲ್ಲಿ, ಪಠ್ಯಪುಸ್ತಕದ ರೂಢಿಯಂತೆ, ಗುರಿ ಮುಟ್ಟದವರಿಗೆ ಅದರ ಶೇ 80, ಅಂದರೆ 120 ರೂಪಾಯಿ. ಮುಟ್ಟಿದವರಿಗೆ ಶೇ 120, ಅಂದರೆ 180 ರೂಪಾಯಿ. ಮೂವರು ನೇಕಾರರು ಕ್ರಮವಾಗಿ 80, 100, 120 ಸೀರೆ ನೇಯುತ್ತಾರೆ.

ಏಕದರದಲ್ಲಿ ಅವರ ಕೈಗೆ ಬರೋದು 12,000, 15,000 ಮತ್ತು 18,000. ಭೇದದರದಲ್ಲಿ 9,600, 18,000 ಮತ್ತು 21,600. ಮೊದಲನೆಯವರಿಗೂ ಮೂರನೆಯವರಿಗೂ ನಡುವಿನ ಅಂತರ 6,000ದಿಂದ 12,000ಕ್ಕೆ ಏರಿತು. ದುಡಿಮೆಯಲ್ಲಿನ ವ್ಯತ್ಯಾಸ ಮಾತ್ರ ಮೊದಲಿದ್ದಷ್ಟೇ.

ಇನ್ನು ಗುರಿಯ ಅಂಚಿಗೆ ಬನ್ನಿ. 99 ಸೀರೆ ನೇಯ್ದವರಿಗೆ 11,880 ರೂಪಾಯಿ. 100 ನೇಯ್ದವರಿಗೆ 18,000. ಆ ಒಂದು ಸೀರೆಯ ಬೆಲೆ 6,120 ರೂಪಾಯಿ! ಆ ಸೀರೆಯಲ್ಲಿ ಎಳೆ ತಪ್ಪಿದೆ ಅಂತ ಪಕ್ಕಕ್ಕಿಡುವ ಅಧಿಕಾರ ಯಾರಿಗಿದೆಯೋ, ಅವರ ಕೈಲಿ ಆ ತಿಂಗಳ ಸಂಬಳದ ಮೂರನೇ ಒಂದು ಭಾಗ ಇರುತ್ತದೆ. ಏಕದರದಲ್ಲಿ ಒಂದು ಸೀರೆ ತಿರಸ್ಕಾರವಾದರೆ ಹೋಗೋದು 150 ರೂಪಾಯಿ ಮಾತ್ರ.

ಮಾಲೀಕರ ಕಡೆಯಿಂದ ನೋಡಿದರೆ ಇನ್ನೂ ವಿಚಿತ್ರ. ಏಕದರದಲ್ಲಿ ಮೂವರಿಗೂ ಸೇರಿ 45,000 ರೂಪಾಯಿ, 300 ಸೀರೆ. ಸೀರೆಗೆ ಕೂಲಿ 150. ಭೇದದರದಲ್ಲಿ 49,200 ರೂಪಾಯಿ, ಅದೇ 300 ಸೀರೆ. ಸೀರೆಗೆ ಕೂಲಿ 164. ಖರ್ಚು ಹೆಚ್ಚೇ ಆಯ್ತು. ಹಾಗಿದ್ರೆ ಯಾವ ಮಾಲೀಕ ಇದಕ್ಕೆ ಒಪ್ಪುತ್ತಾನೆ?

ಉತ್ತರ ಇರೋದು ಮೇಲುಖರ್ಚಿನಲ್ಲಿ. ಶೆಡ್ ಬಾಡಿಗೆ, ಮಗ್ಗದ ಸಾಲದ ಬಡ್ಡಿ ಇವೆಲ್ಲ ಸೀರೆ ಎಷ್ಟಾದರೂ ಅಷ್ಟೇ. ಎರಡು ಮಗ್ಗಕ್ಕೆ ತಿಂಗಳಿಗೆ 9,000 ರೂಪಾಯಿ ಅಂತಿಟ್ಟುಕೊಳ್ಳಿ. 80 ಸೀರೆಯಾದರೆ ಒಂದೊಂದರ ಮೇಲೆ 112 ರೂಪಾಯಿ 50 ಪೈಸೆ ಬೀಳುತ್ತದೆ, 120 ಆದರೆ 75 ರೂಪಾಯಿ. ಏಕದರದಲ್ಲಿ 80 ನೇಯುತ್ತಿದ್ದವರಿಂದ ಸೀರೆಗೆ ಒಟ್ಟು ಖರ್ಚು 262.50. ಭೇದದರದ ಆಸೆಗೆ ಅವರೇ 120 ನೇಯ್ದರೆ 255. ಸೀರೆಗೆ ಏಳೂವರೆ ರೂಪಾಯಿ ಉಳಿತಾಯ. ಆದರೆ ಅವರು ಸರಿಯಾಗಿ 100ಕ್ಕೆ ನಿಂತರೆ? 180 ಮತ್ತು 90 ಸೇರಿ 270. ಮಾಲೀಕನಿಗೆ ನಷ್ಟ. ಈ ಲೆಕ್ಕದಲ್ಲಿ 110 ಸೀರೆ ಮುಟ್ಟಿದ ಮೇಲೇ ಅವನಿಗೆ ಲಾಭ ಶುರು.

ಮೇಲುಖರ್ಚು ದೊಡ್ಡದಿದ್ದು, ಉತ್ಪಾದನೆ ಜೋರಾಗಿ ಏರುವಂತಿದ್ದರೆ ಮಾತ್ರ ಈ ಪದ್ಧತಿ ಗಿಟ್ಟುತ್ತದೆ. ಎಫ್.ಡಬ್ಲ್ಯೂ. ಟೇಲರ್ ಇದನ್ನು 1880ರ ದಶಕದಲ್ಲಿ ಫಿಲಡೆಲ್ಫಿಯಾದ ಮಿಡ್ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಜಾರಿಗೆ ತಂದಾಗ ಅಲ್ಲಿದ್ದದ್ದು ಅಂಥದೇ ಸ್ಥಿತಿ. 1895ರ ತನ್ನ ಪ್ರಬಂಧದಲ್ಲಿ ಅವನೇ ಲೆಕ್ಕ ಕೊಟ್ಟಿದ್ದಾನೆ. ಉಕ್ಕಿನ ಭಾಗವೊಂದನ್ನು ಲೇಥ್‌ನಲ್ಲಿ ತಿರುಗಿಸುವ ಕೆಲಸ. ಹಳೇ ದರ ಒಂದಕ್ಕೆ 50 ಸೆಂಟ್, ದಿನಕ್ಕೆ ನಾಲ್ಕೈದು ತುಂಡು. ಹೊಸ ಪದ್ಧತಿಯಲ್ಲಿ ಗುರಿ ದಿನಕ್ಕೆ 10. ಮುಟ್ಟಿದರೆ ತುಂಡಿಗೆ 35 ಸೆಂಟ್, ಇಲ್ಲದಿದ್ದರೆ 25. ಯಂತ್ರದ ದಿನದ ಖರ್ಚು 3.37 ಡಾಲರ್, ಅಂದರೆ ಹಳೇ ದರದಲ್ಲಿ ಆಳಿಗೆ ಸಿಗುತ್ತಿದ್ದ ಕೂಲಿಗಿಂತ ಜಾಸ್ತಿ. ತುಂಡಿನ ಒಟ್ಟು ಖರ್ಚು 1.17 ಡಾಲರ್‌ನಿಂದ 69 ಸೆಂಟ್‌ಗೆ ಇಳಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ, ನಮ್ಮ ಪಠ್ಯಪುಸ್ತಕಗಳು ಇದನ್ನು ಹೇಳೋದಿಲ್ಲ. ಟೇಲರ್‌ನ "ಹೆಚ್ಚಿನ" ದರ 35 ಸೆಂಟ್ ಹಳೇ ದರಕ್ಕಿಂತ ಕಡಿಮೆ. ಕೆಲಸಗಾರನ ಉತ್ಪಾದನೆ 5ರಿಂದ 10ಕ್ಕೆ, ಅಂದರೆ ದುಪ್ಪಟ್ಟಾಯಿತು. ದಿನದ ಗಳಿಕೆ ಎರಡೂವರೆ ಡಾಲರ್‌ನಿಂದ ಮೂರೂವರೆಗೆ ಏರಿತು, ಶೇ 40 ಮಾತ್ರ. ಪುಸ್ತಕದ 80–120 ಲೆಕ್ಕದಲ್ಲಿ ಕೂಲಿಯ ದರ ಏರುತ್ತದೆ, ಅಸಲಿ ಲೆಕ್ಕದಲ್ಲಿ ಅದು ಇಳಿದಿತ್ತು. ಮಾಲೀಕನ ಉಳಿತಾಯಕ್ಕೆ ಯಂತ್ರದ ಖರ್ಚು ಹಂಚಿಹೋದದ್ದು ಒಂದು ಕಾರಣ, ದರ ಕತ್ತರಿಸಿದ್ದು ಇನ್ನೊಂದು.

ಮಗ್ಗದ ಶೆಡ್‌ಗೆ ಇದು ಯಾಕೆ ಸುಲಭವಾಗಿ ಒಗ್ಗೋದಿಲ್ಲ ಅನ್ನೋದಕ್ಕೆ ಕಾರಣ ಮಗ್ಗದಲ್ಲೇ ಇದೆ. ಲಾಳಿ ನಿಮಿಷಕ್ಕೆ ಎಷ್ಟು ಸಲ ಓಡಬೇಕು ಅನ್ನೋದನ್ನ ಮೋಟಾರು ತೀರ್ಮಾನಿಸುತ್ತದೆ, ನೇಕಾರರಲ್ಲ. ನೇಕಾರರ ಚುರುಕುತನ ಕಾಣೋದು ಮಗ್ಗ ನಿಂತಾಗ: ಹರಿದ ಎಳೆ ಎಷ್ಟು ಬೇಗ ಕಟ್ಟಿದರು, ಕಂಡಿಕೆ ಎಷ್ಟು ಬೇಗ ಬದಲಿಸಿದರು. ಇದರಿಂದ ಒಂದಿಷ್ಟು ಹೆಚ್ಚುತ್ತದೆ ನಿಜ, ದುಪ್ಪಟ್ಟು ಆಗೋದಿಲ್ಲ. ಮತ್ತೆ ಮಗ್ಗ ನಿಲ್ಲಿಸುವ ದೊಡ್ಡ ಸಂಗತಿಗಳು ಅವರ ಕೈಲಿಲ್ಲ. ಕರೆಂಟ್ ಹೋಗುತ್ತದೆ. ನೂಲು ಬರೋದು ತಡವಾಗುತ್ತದೆ. ಹಾಸು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯದಕ್ಕೆ ಒಂದೊಂದಾಗಿ ಸೇರಿಸಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಸೀರೆ ಹುಟ್ಟೋದಿಲ್ಲ. ಏಕದರದಲ್ಲಿ ಇಂಥ ಒಂದು ದಿನ ಹೋದರೆ ನಾಲ್ಕು ಸೀರೆಯ ಮಜೂರಿ ಹೋಗುತ್ತದೆ, 600 ರೂಪಾಯಿ. ಭೇದದರದಲ್ಲಿ ಅದೇ ದಿನ ನಿಮ್ಮನ್ನು 100ರಿಂದ 96ಕ್ಕೆ ಇಳಿಸಿದರೆ ಗಳಿಕೆ 18,000ದಿಂದ 11,520ಕ್ಕೆ ಬೀಳುತ್ತದೆ. ಬೆಸ್ಕಾಂ ಕರೆಂಟ್ ತೆಗೆದದ್ದಕ್ಕೆ ನೇಕಾರ "ಅಸಮರ್ಥ" ಆದ ಹಾಗಾಯ್ತು. ಗುರಿಯ ಲೆಕ್ಕದಿಂದ ನಿಂತ ಗಂಟೆಗಳನ್ನು ಕಳೆಯದ ಯಾವ ಭೇದದರವೂ ದಕ್ಷತೆಯನ್ನು ಅಳೆಯುತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ.

ಟೇಲರ್‌ನ ಹಿಂಬಾಲಕ ಮೆರಿಕ್ ಈ ಪ್ರಪಾತಕ್ಕೆ ಮೆಟ್ಟಿಲು ಕಟ್ಟಿದ. ಗುರಿಯ ಶೇ 83ರವರೆಗೆ ಮೂಲ ದರವೇ, ದಂಡವಿಲ್ಲ. ಅಲ್ಲಿಂದ 100ರವರೆಗೆ ಶೇ 110. 100 ದಾಟಿದರೆ ಶೇ 120. ನಮ್ಮ ಮೂವರಿಗೆ ಇದು 12,000, 16,500 ಮತ್ತು 21,600 ಆಗುತ್ತದೆ. ಸೀರೆಗೆ ಕೂಲಿ ಸರಾಸರಿ 167 ರೂಪಾಯಿ. ಗುರಿ ದಾಟಿಸುವ ಒಂದು ಸೀರೆಯ ಬೆಲೆ 1,680ಕ್ಕೆ ಇಳಿಯುತ್ತದೆ. ಮಾಲೀಕನಿಗೆ ಮೂರು ರೂಪಾಯಿ ದುಬಾರಿ, ನೇಕಾರನಿಗೆ ನಿದ್ದೆ ಬರುವಷ್ಟು ವಾಸಿ.

ಕೆಳದರಕ್ಕೆ ಕಾನೂನಿನ ತಡೆಯೂ ಇದೆ. ತುಂಡುಗೂಲಿಗೆ ಪ್ರತ್ಯೇಕ ಕನಿಷ್ಠ ದರ ಗೊತ್ತುಮಾಡದೆ, ಸಮಯಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿದ್ದರೆ, ತುಂಡಿನ ಲೆಕ್ಕದಲ್ಲಿ ದುಡಿದವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಅಂತ 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಸೆಕ್ಷನ್ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ನಿಯಮ ಉಳಿದಿದೆ. ಆ ಕನಿಷ್ಠ ಮೊತ್ತ ತಿಂಗಳಿಗೆ 13,000 ಅಂತ ಊಹಿಸಿಕೊಳ್ಳಿ. ಆಗ 80 ಸೀರೆ ನೇಯ್ದವರಿಗೆ 9,600 ಕೊಟ್ಟು ಕಳಿಸುವಂತಿಲ್ಲ, 13,000 ಕೊಡಲೇಬೇಕು. ಸೀರೆಗೆ ಕೂಲಿ 162.50 ಆಗುತ್ತದೆ, ದಂಡದ ದರ ಕಾಗದದ ಮೇಲಷ್ಟೇ ಉಳಿಯುತ್ತದೆ. ಆದರೆ ಹಾಜರಿ ಪುಸ್ತಕವೇ ಇಲ್ಲದ ಶೆಡ್‌ನಲ್ಲಿ, ಯಾರು ಎಷ್ಟು ಗಂಟೆ ದುಡಿದರು ಅಂತ ತೋರಿಸೋಕೆ ಸೀರೆಯ ಎಣಿಕೆ ಬಿಟ್ಟರೆ ಬೇರೆ ದಾಖಲೆ ಇರೋದಿಲ್ಲ.