ತಲೆಗೆ ಎಷ್ಟು?

ಮದುವೆಗೆ ಬಸ್ಸು ಗೊತ್ತುಮಾಡುವಾಗ ಮೊದಲು ಬರುವ ಪ್ರಶ್ನೆ ‘ತಲೆಗೆ ಎಷ್ಟು ಬೀಳುತ್ತೆ?’ ತಮಿಳಿನ ‘ತಲೈ’, ತೆಲುಗಿನ ‘ತಲ’ ಇದರ ಒಡಹುಟ್ಟುಗಳು. ನಮ್ಮಲ್ಲಿ ಈ ಪದ ಬಹಳ ಹಿಂದೆಯೇ ಅಳತೆಯೂ ಆಯಿತು. ಸುಂಕದ ಹಳೆಯ ಶಾಸನಗಳಲ್ಲಿ ಎತ್ತಿನ ಹೇರು, ಬಂಡಿಗಳ ಜೊತೆಗೆ ‘ತಲೆವೊರೆ’ಯೂ ಇದೆ, ಒಬ್ಬ ತಲೆಯ ಮೇಲೆ ಹೊತ್ತು ತಂದಷ್ಟು ಸರಕು. ತಲೆಮಾರು, ತಲೆಗಂದಾಯ ಎಲ್ಲ ಆ ಮನೆಯವೇ. ಪತ್ರಿಕೆಯ ‘ತಲಾ ಆದಾಯ’ವೂ ಅಷ್ಟೆ.

ಸುಂಕದ ಕಟ್ಟೆಗೆ ಹೊರೆ ಎಷ್ಟು ದೂರದಿಂದ ಬಂತೆಂಬ ಚಿಂತೆ ಇರಲಿಲ್ಲ, ಬಾಗಿಲು ದಾಟಿದರೆ ಸಾಕು. ಬಸ್ಸಿಗೆ ಆ ಲೆಕ್ಕ ಸಾಲದು. ಸುಬ್ರಹ್ಮಣ್ಯಪುರದಿಂದ ಮೆಜೆಸ್ಟಿಕ್‌ಗೆ ಹೋಗುವವನೂ ಬನಶಂಕರಿಯಲ್ಲಿ ಇಳಿಯುವವನೂ ಒಂದೊಂದೇ ತಲೆ. ಆದರೆ ಬಸ್ಸು ಅವರಿಗಾಗಿ ಮಾಡಿದ ಕೆಲಸ ಒಂದೇ ಅಲ್ಲ. ಅದಕ್ಕೇ ತಲೆಯನ್ನು ದಾರಿಯಿಂದ ಗುಣಿಸಬೇಕು. ಒಬ್ಬ ಒಂದು ಕಿ.ಮೀ. ಹೋದರೆ ಒಂದು ಪ್ರಯಾಣಿಕ–ಕಿಲೋಮೀಟರ್.

ಒಂದು ಲೆಕ್ಕ ಹಾಕೋಣ; ಅಂಕಿಗಳು ನಾನು ಇಟ್ಟುಕೊಂಡವು. ದಾರಿ 15 ಕಿ.ಮೀ., ದಿನಕ್ಕೆ 8 ಟ್ರಿಪ್. ಡೀಸೆಲ್, ಚಾಲಕ–ನಿರ್ವಾಹಕರ ಸಂಬಳ, ಟೈರು, ರಿಪೇರಿ, ಸವಕಳಿ ಸೇರಿ ದಿನದ ಖರ್ಚು 9,600 ರೂಪಾಯಿ. ಡಿಪೋದಿಂದ ಖಾಲಿ ಬಂದು ಖಾಲಿ ಹೋಗುವ ‘ಡೆಡ್ ಕಿಲೋಮೀಟರ್’ ಖರ್ಚೂ ಇದರಲ್ಲೇ ಇದೆ. ಅಲ್ಲಿ ತಲೆಯೇ ಇಲ್ಲ, ಖರ್ಚು ಮಾತ್ರ ಉಂಟು.

ಸಂಜೆ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನಲ್ಲಿ ಮೊದಲ 5 ಕಿ.ಮೀ. 36 ಜನ, ಮುಂದಿನ ಐದರಲ್ಲಿ 18, ಕೊನೆಯ ಐದರಲ್ಲಿ 6. ಗುಣಿಸಿ ಕೂಡಿದರೆ 180, 90, 30, ಒಟ್ಟು 300. ಎಲ್ಲ ಟ್ರಿಪ್ಪೂ ಹೀಗೇ ಎಂದುಕೊಂಡರೆ ದಿನಕ್ಕೆ 2,400. ಅಲ್ಲಿಗೆ ಪ್ರಯಾಣಿಕ–ಕಿಲೋಮೀಟರಿಗೆ 4 ರೂಪಾಯಿ.

ಎಡವುವುದು ಇಲ್ಲಿ: ಟ್ರಿಪ್ಪಿಗೆ 60 ಟಿಕೆಟ್ ಹರಿದಿದ್ದರೆ ಎಲ್ಲರೂ ಕೊನೆಯವರೆಗೆ ಬಂದರೆಂದು 60ನ್ನು 15ರಿಂದ ಗುಣಿಸುತ್ತಾರೆ. ಆಗ 900 ಬರುತ್ತದೆ, ವೆಚ್ಚ 1 ರೂಪಾಯಿ 33 ಪೈಸೆಗೆ ಕುಸಿಯುತ್ತದೆ. ತಪ್ಪು ಹಿಡಿಯುವುದು ಸುಲಭ. 900ನ್ನು ಮತ್ತೆ 15ರಿಂದ ಭಾಗಿಸಿ. ಉದ್ದಕ್ಕೂ 60 ಜನ ತುಂಬಿದ್ದರೆಂದು ಅರ್ಥ. ಕೊನೆಯ ಸ್ಟಾಪಿನಲ್ಲಿ ಆರೇ ಜನ ಇಳಿದದ್ದನ್ನು ಕಂಡವರು ಅದನ್ನು ಒಪ್ಪುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಸಿಗುತ್ತದೆ. ಹಣ ಸೊನ್ನೆಯಾದರೂ ತಲೆ ಸೊನ್ನೆಯಲ್ಲ. ಆ ಚೀಟಿಯನ್ನು ನಿರ್ವಾಹಕರು ತಪ್ಪದೆ ಕೊಡಬೇಕೆನ್ನುವುದು ನನಗೆ ಸರಿಯೆನಿಸುವುದು ಇದಕ್ಕೇ. ದಿನದ ಪಾಸಿನವರ ಕಥೆ ಬೇರೆ: ಒಮ್ಮೆ ಕೊಂಡು ಎಷ್ಟು ಸಲ ಹತ್ತಿದರೂ ಹೊಸ ಚೀಟಿಯಿಲ್ಲ. ಅವರನ್ನು ಲೆಕ್ಕಕ್ಕೆ ತರಲು ಯಾರಾದರೂ ಬಸ್ಸಿನೊಳಗೆ ನಿಂತು, ಸ್ಟಾಪ್ ಸ್ಟಾಪಿಗೂ ತಲೆ ಎಣಿಸಲೇಬೇಕು.