ಗೋಷ್ಠಿಗೊಂದು ಕಿರು ಪರಿಚಯ

ಏನಿದು, ಯಾರು ಬರೆಯುತ್ತಾರೆ

ವಿಚಾರ ಸಂಕಿರಣಕ್ಕೆ ಒಪ್ಪಿಕೊಂಡ ಉಪನ್ಯಾಸಕರಿಂದ ಸಂಘಟಕರು ಮೊದಲು ಕೇಳುವುದು ಒಂದು ಫೋಟೊ ಮತ್ತು ನೂರು ಪದಗಳೊಳಗಿನ ಪರಿಚಯ. ಇದು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲೋ ಸ್ಮರಣ ಸಂಚಿಕೆಯಲ್ಲೋ ಅಚ್ಚಾಗುತ್ತದೆ, ವೇದಿಕೆಯಲ್ಲಿ ನಿರೂಪಕರ ಬಾಯಿಂದಲೂ ಬರುತ್ತದೆ. ಹೀಗೆ ಬೇರೊಬ್ಬರು ಓದಬೇಕಾದ್ದರಿಂದಲೇ ಅದು ‘ಅವರು’ ಎಂದು ನಡೆಯುತ್ತದೆ. ಬಹುಪಾಲು ಸಲ ಬರೆಯುವವರು ಉಪನ್ಯಾಸಕರೇ. ತನ್ನನ್ನು ತಾನೇ ‘ಅವರು’ ಎಂದು ಬರೆದುಕೊಳ್ಳಲು ಸಂಕೋಚಪಡಬೇಕಿಲ್ಲ. ಸಂಕೋಚಪಡಬೇಕಾದ್ದು ‘ಖ್ಯಾತ’, ‘ಅಪ್ರತಿಮ’, ‘ಬಹುಮುಖ ಪ್ರತಿಭೆ’ ಎಂಬ ವಿಶೇಷಣಗಳಿಗೆ. ಅವನ್ನು ಯಾರ ಹೆಸರಿನ ಮುಂದೆ ಇಟ್ಟರೂ ಹೊಂದುತ್ತವೆ, ಆದ್ದರಿಂದ ಯಾರನ್ನೂ ಪರಿಚಯಿಸುವುದಿಲ್ಲ.

ಸ್ವವಿವರ ಪಟ್ಟಿಗೂ ಇದಕ್ಕೂ ವ್ಯತ್ಯಾಸವಿದೆ. ಪಟ್ಟಿಯಲ್ಲಿ ಎಲ್ಲವೂ ಇರಬೇಕು. ಪರಿಚಯ ಉತ್ತರಿಸಬೇಕಾದ್ದು ಒಂದೇ ಪ್ರಶ್ನೆಗೆ: ಈ ವಿಷಯವನ್ನು ಈ ಸಭೆಯಲ್ಲಿ ಇವರಿಂದಲೇ ಏಕೆ ಕೇಳಬೇಕು?

ಒಬ್ಬರೇ ಕಾರಂತರು, ಎರಡು ಸಭೆಗಳು

ಶಿವರಾಮ ಕಾರಂತರಂಥವರ ಪರಿಚಯವನ್ನು ನೂರು ಪದಗಳಲ್ಲಿ ಮುಗಿಸುವುದು ಹೇಗೆ? ಕಾದಂಬರಿ, ಯಕ್ಷಗಾನ, ಮಕ್ಕಳ ಶಿಕ್ಷಣ, ವಿಜ್ಞಾನ ಬರವಣಿಗೆ, ಪರಿಸರ ಹೋರಾಟ ಎಲ್ಲವೂ ಸೇರಿದ ಬದುಕು ಅವರದು. 1990ರ ಸುಮಾರಿಗೆ ಅವರಿಗೆ ಎರಡು ಕಡೆಯಿಂದ ಕರೆ ಬಂದಿದೆ ಎಂದು ಭಾವಿಸೋಣ. ಮೊದಲನೆಯದು ಯಕ್ಷಗಾನ ಸಂಕಿರಣ:

“ಕೋಟ ಶಿವರಾಮ ಕಾರಂತರು ಯಕ್ಷಗಾನದ ಸಂಶೋಧಕರು, ನಿರ್ದೇಶಕರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಮಾತನ್ನು ಬಿಟ್ಟು ಹಾಡು, ಕುಣಿತಗಳನ್ನೇ ನೆಚ್ಚಿದ ಯಕ್ಷಗಾನ ಬ್ಯಾಲೆಗಳನ್ನು ರೂಪಿಸಿದ ಅವರು ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್‌ಗಳನ್ನೂ ತಂದರು. ಕಾದಂಬರಿಕಾರರಾಗಿ ಜ್ಞಾನಪೀಠ ಪುರಸ್ಕೃತರು.”

ಎರಡನೆಯದು ಅಣುಶಕ್ತಿ ಮತ್ತು ಪರಿಸರದ ಬಗೆಗಿನ ಚರ್ಚಾಗೋಷ್ಠಿ. ಸಭೆಯಲ್ಲಿ ಎಂಜಿನಿಯರುಗಳೂ ಇದ್ದಾರೆ:

“ಸಾಹಿತಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿದವರಲ್ಲಿ ಪ್ರಮುಖರು. ಆ ವಿಷಯವನ್ನೇ ಮುಂದಿಟ್ಟು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸಾಮಾನ್ಯ ಓದುಗರಿಗಾಗಿ ‘ವಿಜ್ಞಾನ ಪ್ರಪಂಚ’ ಸಂಪುಟಗಳನ್ನು ಬರೆದಿದ್ದಾರೆ. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದರು.”

ಎರಡರಲ್ಲೂ ಸುಳ್ಳಿಲ್ಲ, ಉತ್ಪ್ರೇಕ್ಷೆಯಿಲ್ಲ. ಬದಲಾದದ್ದು ಆಯ್ಕೆ ಮತ್ತು ಅನುಕ್ರಮ. ಮೊದಲ ಸಭೆಗೆ ಜ್ಞಾನಪೀಠ ಕೊನೆಗೆ ಸರಿಯಿತು. ಅದು ದೊಡ್ಡ ಪ್ರಶಸ್ತಿಯೇ, ಆದರೆ ಭಾಗವತರು, ವೇಷಧಾರಿಗಳು ಕೂತ ಸಭೆಯಲ್ಲಿ ಬಯಲಾಟದ ಗ್ರಂಥಕ್ಕೇ ಹೆಚ್ಚಿನ ತೂಕ. ಎರಡನೆಯದರಲ್ಲಿ ಜ್ಞಾನಪೀಠದ ಮಾತೇ ಇಲ್ಲ. ‘ಕಾದಂಬರಿಕಾರರಿಗೆ ಅಣುಸ್ಥಾವರದ ವಿಷಯ ಏನು ಗೊತ್ತು’ ಎಂದು ಕೇಳಬಹುದಾದ ಎಂಜಿನಿಯರಿಗೆ ‘ವಿಜ್ಞಾನ ಪ್ರಪಂಚ’ದ ವಾಕ್ಯ ಒಂದಿಷ್ಟು ಉತ್ತರ ಕೊಡುತ್ತದೆ. ಪದ್ಮಭೂಷಣ ಇಲ್ಲಿ ಬಂದದ್ದು ಗೌರವವಾಗಿ ಅಲ್ಲ, ಸರ್ಕಾರಕ್ಕೆ ಎದುರಾಡಿದ್ದಕ್ಕೆ ಸಾಕ್ಷಿಯಾಗಿ. ‘ಸೋತರು’ ಎಂಬ ಪದವನ್ನು ನಾನಾದರೆ ಉಳಿಸಿಕೊಳ್ಳುತ್ತೇನೆ. ಬರೀ ‘ಸ್ಪರ್ಧಿಸಿದರು’ ಎಂದು ನಿಲ್ಲಿಸಿದರೆ ಫಲಿತಾಂಶ ಗೊತ್ತಿರುವವರಿಗೆ ಏನೋ ಮುಚ್ಚಿಟ್ಟಂತೆ ಕಾಣುತ್ತದೆ.

ಎಲ್ಲಿ ಎಡವುತ್ತದೆ

ಸಾಮಾನ್ಯವಾದ ದೋಷ ಹುಟ್ಟಿದ ಊರು, ಶಾಲೆ, ಪದವಿಗಳಿಂದ ಶುರುಮಾಡುವುದು. ಉಪನ್ಯಾಸಕ್ಕೆ ಸಂಬಂಧಿಸಿದ ಮಾತು ಬರುವಷ್ಟರಲ್ಲಿ ಸಭಿಕರ ಗಮನ ಬೇರೆ ಕಡೆ ಹೋಗಿರುತ್ತದೆ. ಊರು ವಿಷಯದೊಳಗೇ ಇದ್ದರೆ ಮಾತು ಬೇರೆ: ಬಡಗುತಿಟ್ಟಿನ ಬಗ್ಗೆ ಮಾತಾಡುವವರು ಕೋಟದವರು ಎಂಬುದು ಕೇಳುವವರಿಗೆ ಅರ್ಥವುಳ್ಳ ಸಂಗತಿ.

ಇನ್ನೊಂದು ದೋಷ ಹಳೆಯ ಪಠ್ಯವನ್ನೇ ಪ್ರತಿ ಸಲ ಕಳಿಸುವುದು. ‘ಇಪ್ಪತ್ತು ವರ್ಷಗಳಿಂದ ಬೋಧಿಸುತ್ತಿದ್ದಾರೆ’ ಎಂಬ ವಾಕ್ಯ ಮರುವರ್ಷವೇ ತಪ್ಪಾಗುತ್ತದೆ. ‘2005ರಿಂದ’ ಎಂದು ಬರೆದರೆ ಆ ತೊಂದರೆಯಿಲ್ಲ. ಸಂಸ್ಥೆಯ ಹೆಸರನ್ನು ಅದರೊಳಗಿನವರಿಗಷ್ಟೇ ಗೊತ್ತಿರುವ ಹ್ರಸ್ವಾಕ್ಷರಗಳಲ್ಲಿ ಬರೆಯುವುದೂ ಹೊರಗಿನ ಸಭೆಯಲ್ಲಿ ವ್ಯರ್ಥ.

ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ಹೆಸರನ್ನು ಬೆರಳಿನಿಂದ ಮುಚ್ಚಿ ಓದಬೇಕು. ಅದೇ ಕ್ಷೇತ್ರದ ಇನ್ನೊಬ್ಬರಿಗೂ ಅದು ಸಲ್ಲುವಂತಿದ್ದರೆ ಒಂದು ಕೃತಿಯನ್ನೋ ಕೆಲಸವನ್ನೋ ಹೆಸರಿಟ್ಟು ಸೇರಿಸಬೇಕು.

ಓದಿ ಹೇಳಲು

ಅಚ್ಚಿನಲ್ಲಿ ಚೆನ್ನಾಗಿ ಕಾಣುವ ವಾಕ್ಯ ಮೈಕಿನ ಮುಂದೆ ಉಸಿರು ಕಟ್ಟಿಸಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಐದಾರು ಪ್ರಶಸ್ತಿಗಳನ್ನು ಒಂದೇ ವಾಕ್ಯಕ್ಕೆ ಪೋಣಿಸಿದರೆ, ಅವರು ಅವನ್ನು ಪಡೆದರೋ ಕೊಟ್ಟರೋ ಎಂಬುದು ಕೊನೆಯ ತನಕ ತಿಳಿಯುವುದಿಲ್ಲ. ವಾಕ್ಯಕ್ಕೊಂದೇ ಸಂಗತಿ ಇರಲಿ. ಕಳಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ, ಒಂದು ನಿಮಿಷ ಮೀರಿದರೆ ಕತ್ತರಿಸಬೇಕು. ನಿರೂಪಕರು ತಡವರಿಸಬಹುದಾದ ಹೆಸರಿದ್ದರೆ ಅದನ್ನು ಫೋನಿನಲ್ಲಿ ಒಮ್ಮೆ ಉಚ್ಚರಿಸಿ ತಿಳಿಸುವುದು ಒಳ್ಳೆಯದು. ಐವತ್ತು ಪದಗಳ ಇನ್ನೊಂದು ರೂಪವನ್ನೂ ಜೊತೆಗೇ ಕಳಿಸಬೇಕು. ಇಲ್ಲದಿದ್ದರೆ ಜಾಗ ಸಾಲದಾದಾಗ ಅಚ್ಚಿನ ಮನೆಯವರು ಕೊನೆಯ ಸಾಲುಗಳನ್ನು ತಮಗೆ ತೋಚಿದಂತೆ ತೆಗೆದುಬಿಡುತ್ತಾರೆ.