ಊರಿನ ಹೆಸರು, ಅಂಗಡಿಯ ಹೆಸರು: ಕಿನ್ನಾಳದಿಂದ ನೋಡಿದ ಗುಡ್‌ವಿಲ್ ಲೆಕ್ಕ

ಕೊಪ್ಪಳ ತಾಲೂಕಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟದಿಂದ ಮೈಕಟ್ಟು ಮೂಡಿಸಿ, ಮೇಲೆ ಬಣ್ಣ ಹಚ್ಚುತ್ತವೆ. ಇಂಥ ಕಸುಬು ಅಣ್ಣತಮ್ಮಂದಿರ ಪಾಲುದಾರಿಕೆಯಾಗಿ ನಡೆದು ಮುಂದೊಂದು ದಿನ ಬೇರೆಯಾದರೆ ಮರ, ಉಳಿ, ಸಿದ್ಧ ಗೊಂಬೆ, ಬರಬೇಕಾದ ಬಾಕಿ ಇವನ್ನೆಲ್ಲ ಹಂಚಿಕೊಳ್ಳುವುದು ಕಷ್ಟವಲ್ಲ. ಅಂಗಡಿಯ ಹೆಸರನ್ನು ಒಬ್ಬನೇ ಇಟ್ಟುಕೊಂಡರೆ ಇನ್ನೊಬ್ಬನಿಗೆ ಎಷ್ಟು ಕೊಡಬೇಕು ಎಂಬಲ್ಲಿ ಮಾತು ನಿಲ್ಲುತ್ತದೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 14ನೇ ಕಲಮು ಗುಡ್‌ವಿಲ್ ಅನ್ನು ಸಂಸ್ಥೆಯ ಆಸ್ತಿ ಎಂದೇ ಎಣಿಸುತ್ತದೆ, ಆದರೆ ಬೆಲೆ ಕಟ್ಟುವ ಬಗೆಯನ್ನು ಹೇಳುವುದಿಲ್ಲ. ಆ ಬಗೆ ಹೇಗೆ ಬೆಳೆದು ಬಂತು, ಕಿನ್ನಾಳದಂಥ ಊರಿಗೆ ಅದು ಎಷ್ಟು ಹೊಂದುತ್ತದೆ ಎಂಬುದು ಈ ಲೇಖನದ ವಿಷಯ.

ಇಂಗ್ಲೆಂಡಿನ ನ್ಯಾಯಾಲಯಗಳು ಮೊದಲು ಗುಡ್‌ವಿಲ್ ಅನ್ನು ತೀರ ಕಿರಿದಾಗಿ ಕಂಡವು. 1810ರ ಕ್ರಟ್‌ವೆಲ್ ಮತ್ತು ಲೈ ಪ್ರಕರಣದಲ್ಲಿ ಲಾರ್ಡ್ ಎಲ್ಡನ್ ಅವರು ಹಳೆಯ ಗಿರಾಕಿ ಹಳೆಯ ಜಾಗಕ್ಕೇ ಬರುವ ಸಂಭವ ಮಾತ್ರ ಗುಡ್‌ವಿಲ್ ಎಂದರು. 1901ರ ಮುಲ್ಲರ್ ಮಾರ್ಗರೀನ್ ಪ್ರಕರಣದ ಹೊತ್ತಿಗೆ ಲಾರ್ಡ್ ಮ್ಯಾಕ್‌ನಾಟನ್ ಅವರು ಅದನ್ನು ವ್ಯಾಪಾರವನ್ನು ಸೆಳೆದು ತರುವ ಶಕ್ತಿ ಎಂದು ವಿಸ್ತರಿಸಿದರು. ಕಾನೂನಿನ ಅರ್ಥ ಹೀಗೆ ಹಿಗ್ಗುತ್ತಿದ್ದರೂ ವರ್ತಕರ ಲೆಕ್ಕ ಸರಳವಾಗಿಯೇ ಇತ್ತು. ಕಳೆದ ಕೆಲವು ವರ್ಷಗಳ ಲಾಭದ ಸರಾಸರಿ ತೆಗೆದು, ಅದನ್ನು ಎರಡರಿಂದಲೋ ಮೂರರಿಂದಲೋ ಗುಣಿಸಿದರೆ ಮುಗಿಯಿತು. ಇದೇ ಸರಾಸರಿ ಲಾಭದ ವಿಧಾನ.

ಈ ವಿಧಾನದ ತೊಡಕು ಎಲ್ಲಿದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಕಿನ್ನಾಳದ ಇಬ್ಬರು ಸೋದರರ ಕಾರ್ಯಾಗಾರ ಮೂರು ವರ್ಷಗಳಲ್ಲಿ 4,20,000, 4,80,000 ಮತ್ತು 6,30,000 ರೂಪಾಯಿ ಲಾಭ ತೋರಿಸಿದೆ ಎನ್ನೋಣ. ಕೊನೆಯ ವರ್ಷದಲ್ಲಿ ಒಂದು ಗುಡಿಯ ಮಂಟಪದ ಕೆಲಸ ಸಿಕ್ಕು 90,000 ಬಂದಿತ್ತು. ಅದು ಮತ್ತೆ ಬರುವ ವರಮಾನವಲ್ಲವಾದ್ದರಿಂದ ಅದನ್ನು ತೆಗೆದರೆ ಆ ವರ್ಷದ ಲಾಭ 5,40,000ಕ್ಕೆ ಇಳಿದು ಮೂರು ವರ್ಷದ ಸರಾಸರಿ 4,80,000 ಆಗುತ್ತದೆ. ಎರಡು ವರ್ಷದ ಖರೀದಿ ಎಂದು ಹಿಡಿದರೆ ಗುಡ್‌ವಿಲ್ 9,60,000. ಈ ಹಂತದಲ್ಲೇ ದಾಸ್ತಾನನ್ನೂ ಕಣ್ಣಿಟ್ಟು ನೋಡಬೇಕು. ದಸರೆಗೆ ಮಾಡಿ ಮಾರಾಟವಾಗದೆ ಉಳಿದ ಗೊಂಬೆಗಳನ್ನು ವರ್ಷಾಂತ್ಯದಲ್ಲಿ ಪೂರ್ತಿ ಮಾರಾಟದ ದರಕ್ಕೆ ಬರೆದುಕೊಂಡಿದ್ದರೆ ಲಾಭ ಅಷ್ಟೇ ಉಬ್ಬಿರುತ್ತದೆ. ಯಾವ ಗೊಂಬೆ ಎಷ್ಟು ವರ್ಷದಿಂದ ಕಪಾಟಿನಲ್ಲಿದೆ ಎಂದು ಕೇಳಿದರೆ ಅದು ಬಯಲಾಗುತ್ತದೆ.

ದೊಡ್ಡ ತಪ್ಪು ಇನ್ನೊಂದಿದೆ. ಮನೆಯವರೇ ದುಡಿಯುವ ಕಾರ್ಯಾಗಾರದಲ್ಲಿ ಪಾಲುದಾರರ ಸಂಬಳವನ್ನು ಸಾಮಾನ್ಯವಾಗಿ ಖರ್ಚಿಗೆ ಬರೆಯುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಲಾಭ ಎಂದು ಕಾಣುವುದರಲ್ಲಿ ಬಹುಪಾಲು ಅವರ ಕೂಲಿಯೇ ಆಗಿರುತ್ತದೆ. ಒಬ್ಬೊಬ್ಬರಿಗೆ ತಿಂಗಳಿಗೆ 15,000 ಎಂದು ಹಿಡಿದರೂ ವರ್ಷಕ್ಕೆ 3,60,000 ಹೋಗಿ 1,20,000 ಉಳಿಯುತ್ತದೆ. ಕಸುಬಿನಲ್ಲಿ ತೊಡಗಿಸಿದ ಬಂಡವಾಳ 5,00,000 ಆಗಿದ್ದು, ಇಂಥ ಕಸುಬಿನಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿಫಲ ಶೇ. 12 ಎಂದಾದರೆ ಅದಕ್ಕೆ 60,000 ಸಲ್ಲಬೇಕು. ಕೊನೆಗೆ ಉಳಿಯುವ 60,000 ಮಾತ್ರ ಅಧಿಕ ಲಾಭ, ಎಂದರೆ ಸೂಪರ್ ಪ್ರಾಫಿಟ್. ಎರಡು ವರ್ಷದ ಖರೀದಿಯಲ್ಲಿ ಗುಡ್‌ವಿಲ್ 1,20,000. ಒಂಬತ್ತು ಲಕ್ಷ ಅರವತ್ತು ಸಾವಿರ ಎಂದು ಕಂಡದ್ದರಲ್ಲಿ ಎಂಟು ಲಕ್ಷ ನಲವತ್ತು ಸಾವಿರ ಕೂಲಿಯೂ ಬಡ್ಡಿಯೂ ಆಗಿತ್ತು. ಅಷ್ಟು ಕೊಟ್ಟು ಹೆಸರನ್ನು ತಮ್ಮ ಕೊಂಡಿದ್ದರೆ ಅಣ್ಣನ ದುಡಿಮೆಗೂ ಬೆಲೆ ಕೊಟ್ಟಂತಾಗುತ್ತಿತ್ತು, ಆದರೆ ಅಣ್ಣ ಆ ದುಡಿಮೆಯನ್ನು ತನ್ನ ಜೊತೆಗೇ ಕರೆದೊಯ್ಯುತ್ತಾನೆ.

ಈ ಕಳೆಯುವ ಕ್ರಮಕ್ಕೆ ಖಚಿತವಾದ ರೂಪ ಕೊಟ್ಟವರಲ್ಲಿ ಇಂಗ್ಲೆಂಡಿನ ಲೆಕ್ಕಿಗ ಪಿ.ಡಿ. ಲೀಕ್ ಮುಖ್ಯರು. 1921ರಲ್ಲಿ ಬಂದ ಅವರ ಗ್ರಂಥ ವಾಣಿಜ್ಯ ಗುಡ್‌ವಿಲ್ ಕುರಿತೇ ಇದೆ. ಅಧಿಕ ಲಾಭ ಸದಾಕಾಲ ಇರುವುದಿಲ್ಲ, ಪೈಪೋಟಿ ಬಂದಂತೆ ಕರಗುತ್ತದೆ ಎಂಬುದು ಅವರ ವಾದದ ತಿರುಳು. ಹಾಗಾಗಿ ಮುಂದೆ ಬರುವ ಅಧಿಕ ಲಾಭವನ್ನು ಇಂದಿನ ಬೆಲೆಗೆ ಇಳಿಸಿ ಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಎರಡು ವರ್ಷ ಬರುವ 60,000ವನ್ನು ಶೇ. 12ರಲ್ಲಿ ಇಳಿಸಿದರೆ ಸುಮಾರು 1,01,400 ಆಗುತ್ತದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1920ರಲ್ಲಿ, ಅಮೆರಿಕದ ಖಜಾನೆ ಮದ್ಯನಿಷೇಧದಿಂದ ಮುಚ್ಚಿದ ಮದ್ಯ ತಯಾರಕರ ಗುಡ್‌ವಿಲ್ ನಷ್ಟವನ್ನು ಅಳೆಯಲು ಒಂದು ಸೂತ್ರ ಮಾಡಿತು. ಭೌತಿಕ ಆಸ್ತಿಗಳ ಮೇಲೆ ಶೇ. 10 ಕಳೆದು ಉಳಿದ ಲಾಭವನ್ನು ಶೇ. 20ರಲ್ಲಿ ಬಂಡವಾಳೀಕರಿಸಿ ಎಂದು ಅದು ಹೇಳಿತು. ಅದು ಐದು ವರ್ಷದ ಖರೀದಿಗೆ ಸಮ. ನಮ್ಮ 60,000ವನ್ನು ಶೇ. 12ರಲ್ಲಿ ಬಂಡವಾಳೀಕರಿಸಿದರೆ 5,00,000 ಬರುತ್ತದೆ. ಅಷ್ಟು ಕೊಡುವುದೆಂದರೆ ಈ ಅಧಿಕ ಲಾಭ ಎಂದೂ ನಿಲ್ಲದು ಎಂದು ನಂಬಿದ ಹಾಗೆ. ಕೈಕಸುಬಿಗೆ ಆ ನಂಬಿಕೆ ಸಲ್ಲದು ಎಂಬುದು ನನ್ನ ನಿಲುವು.

ಕರ್ನಾಟಕದಲ್ಲಿ ಗುಡ್‌ವಿಲ್‌ನ ಪ್ರಶ್ನೆ ತೆರಿಗೆಯ ರೂಪದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಊದಿನಕಡ್ಡಿಯ ಸಂಸ್ಥೆಯೊಂದರಿಂದ. 1954ರಲ್ಲಿ ಆರಂಭವಾದ ಆ ಪಾಲುದಾರಿಕೆಯ ಕರಾರಿನ 13ನೇ ಕಲಮಿನಲ್ಲಿ, ಗುಡ್‌ವಿಲ್‌ಗೆ ಇನ್ನೂ ಬೆಲೆ ಕಟ್ಟಿಲ್ಲ, ವಿಸರ್ಜನೆಯ ದಿನ ಕಟ್ಟಬೇಕು ಎಂದಿತ್ತು. 1965ರ ಡಿಸೆಂಬರ್ 31ರಂದು ಸಂಸ್ಥೆ ವಿಸರ್ಜನೆಯಾದಾಗ ಗುಡ್‌ವಿಲ್‌ನ ಬೆಲೆ 1,50,000 ರೂಪಾಯಿ ಎಂದು ನಿಗದಿಯಾಗಿ, ಅದೇ ಹೆಸರಿನ ಹೊಸ ಪಾಲುದಾರಿಕೆ ಅದನ್ನು ವಹಿಸಿಕೊಂಡಿತು. ಆ ಮೊತ್ತಕ್ಕೆ ಬಂಡವಾಳ ಲಾಭ ತೆರಿಗೆ ಬೀಳುತ್ತದೆಯೇ ಎಂಬ ವಿವಾದ ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣವೆಂದು ಹೆಸರಾಯಿತು. 1981ರಲ್ಲಿ ಬಂದ ತೀರ್ಪಿನ ಪ್ರಕಾರ, ತಾನಾಗಿ ಬೆಳೆದ ಗುಡ್‌ವಿಲ್‌ಗೆ ಕೊಂಡ ಬೆಲೆ ಎಂಬುದನ್ನು ಗುರುತಿಸಲಾಗದು, ಅದು ಹುಟ್ಟಿದ ದಿನವೂ ತಿಳಿಯದು. ಬೆಲೆಯಿಂದ ಖರೀದಿಯನ್ನು ಕಳೆದು ಲಾಭ ಹೇಳುವ ತೆರಿಗೆಯ ಲೆಕ್ಕ ಅಲ್ಲಿ ಹೂಡಲು ಬರುವುದಿಲ್ಲ. 1987ರ ತಿದ್ದುಪಡಿ ಇಂಥ ಗುಡ್‌ವಿಲ್‌ನ ಖರೀದಿ ಬೆಲೆ ಸೊನ್ನೆ ಎಂದು ಘೋಷಿಸಿ ತೆರಿಗೆಗೆ ದಾರಿ ಮಾಡಿತು.

ಕಿನ್ನಾಳದಲ್ಲಿ ಇಷ್ಟಕ್ಕೇ ಲೆಕ್ಕ ಮುಗಿಯದು. ಇಲ್ಲಿನ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಗಿರಾಕಿ ಹೆಚ್ಚು ಕೊಡುವುದು ಅಂಗಡಿಯ ಹೆಸರಿಗಿಂತ ಊರಿನ ಹೆಸರಿಗೆ. 1999ರ ಭೌಗೋಳಿಕ ಗುರುತುಗಳ ಕಾಯ್ದೆಯ 24ನೇ ಕಲಮು ಆ ಗುರುತಿನ ಹಕ್ಕನ್ನು ಮಾರುವುದನ್ನೂ ಪರವಾನಗಿಯ ಮೇಲೆ ಕೊಡುವುದನ್ನೂ ಅಡವಿಡುವುದನ್ನೂ ತಡೆಯುತ್ತದೆ. ಅಣ್ಣನಿಗೆ ಕಿನ್ನಾಳದ ಕೀರ್ತಿಯನ್ನು ತಮ್ಮನಿಗೆ ಮಾರಲು ಬರುವುದಿಲ್ಲ, ತಮ್ಮನಿಗೆ ಅದನ್ನು ಕೊಳ್ಳಬೇಕಾದ ಅಗತ್ಯವೂ ಇಲ್ಲ. ಹೀಗಾಗಿ ಸಾಮಾನ್ಯ ಪ್ರತಿಫಲವನ್ನು ಯಾವುದೋ ಊರಿನ ಮರದ ಆಟಿಕೆಯವರೊಂದಿಗೆ ಹೋಲಿಸಿದರೆ ತಪ್ಪಾಗುತ್ತದೆ. ಕಿನ್ನಾಳದಲ್ಲೇ ಇರುವ ಉಳಿದ ಕಾರ್ಯಾಗಾರಗಳೊಂದಿಗೆ ಹೋಲಿಸಬೇಕು. ಅವರಿಗೆ ಬಂಡವಾಳದ ಮೇಲೆ ಶೇ. 16 ಸಿಗುತ್ತಿದೆ ಎಂದಾದರೆ ನಮ್ಮ ಸೋದರರ ಸಾಮಾನ್ಯ ಲಾಭ 80,000 ಆಗಿ, ಅಧಿಕ ಲಾಭ 40,000ಕ್ಕೂ ಗುಡ್‌ವಿಲ್ 80,000ಕ್ಕೂ ಇಳಿಯುತ್ತದೆ. ಉಳಿದವರಿಗೆ ಶೇ. 24ಕ್ಕಿಂತ ಹೆಚ್ಚು ಸಿಗುತ್ತಿದ್ದರೆ ಈ ಅಂಗಡಿಗೆ ಗುಡ್‌ವಿಲ್ಲೇ ಇಲ್ಲ.

ಉಳಿದ ಆ 80,000 ನಿಜವಾಗಿ ಅಂಗಡಿಯದೋ ಅಣ್ಣನ ಕೈಯದೋ ಎಂಬುದನ್ನು ಆರ್ಡರು ಪುಸ್ತಕ ಹೇಳುತ್ತದೆ. ಗೌರಿಯ ಮುಖವನ್ನು ಅಣ್ಣನೇ ಬರೆಯಬೇಕು ಎಂದು ಕೇಳುವವರು ಅಣ್ಣನ ಹಿಂದೆಯೇ ಹೋಗುತ್ತಾರೆ. ಫೋನಿನಲ್ಲಿ ಅಂಗಡಿಯ ಹೆಸರು ಹೇಳಿ, ಯಾರು ಮಾಡಿದರೂ ಸರಿ ಎಂದು ಕಳಿಸಲು ಹೇಳುವ ಎಂಪೋರಿಯಂ ಅಂಗಡಿಯ ಗಿರಾಕಿ. 1932ರ ಕಾಯ್ದೆಯ 55ನೇ ಕಲಮಿನಂತೆ ಗುಡ್‌ವಿಲ್ ಮಾರಿದ ಮೇಲೂ ಅಣ್ಣ ಪಕ್ಕದ ಓಣಿಯಲ್ಲೇ ಗೊಂಬೆ ಮಾಡಬಹುದು. ಹಳೆಯ ಹೆಸರನ್ನು ಬಳಸುವುದಕ್ಕೆ, ಹಳೆಯ ಗಿರಾಕಿಗಳನ್ನು ತನ್ನತ್ತ ಕರೆಯುವುದಕ್ಕೆ ಮಾತ್ರ ತಡೆ. ಅವರಾಗಿಯೇ ಬಂದರೆ ಅಣ್ಣ ಕೆಲಸ ಮಾಡಿಕೊಡಬಹುದು. ಇಂತಿಷ್ಟು ಕಾಲ, ಇಂತಿಷ್ಟು ಪ್ರದೇಶದಲ್ಲಿ ಇದೇ ಕಸುಬು ಮಾಡುವುದಿಲ್ಲವೆಂಬ ಸಮಂಜಸ ಕರಾರನ್ನು ಅದೇ ಕಲಮು ಒಪ್ಪುತ್ತದೆ. ಅಂಥ ಕರಾರು ಇಲ್ಲದಿದ್ದಲ್ಲಿ ಎರಡು ವರ್ಷದ ಖರೀದಿಯೂ ಹೆಚ್ಚೇ, ಒಂದು ವರ್ಷದ 40,000 ಸಾಕು.